25ನೇ ಸೀಸನ್‌ಗೆ ಒಂದು ಅಭಿನಂದನೆ

ನಾನು ಸೇಲಂನಲ್ಲಿ ಇರುವುದು 2016ರಿಂದ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೈಕಂಪಾಡಿಯ ವರ್ಕ್‌ಶಾಪ್ ಒಂದರಲ್ಲಿ ಕೆಲವು ವರ್ಷ ದುಡಿದು, ಆಮೇಲೆ ಗೆಳೆಯನೊಬ್ಬನ ಜೊತೆ ಇಲ್ಲಿಗೆ ಬಂದೆ. ಸಬ್ಬಕ್ಕಿ ಮಿಲ್‌ಗಳಿಗೆ ಯಂತ್ರದ ಬಿಡಿಭಾಗ ಮಾಡಿಕೊಡುವುದು, ರಿಪೇರಿ ಮಾಡುವುದು ನಮ್ಮ ಕೆಲಸ. ಊರಿಗೆ ಹೋದಾಗ ವ್ಯಾಪಾರದಲ್ಲಿರುವ ನಮ್ಮ ಹುಡುಗರು ಒಂದು ಪ್ರಶ್ನೆ ಕೇಳುವುದುಂಟು. ಕೊಳ್ಳುವುದನ್ನು ನಿಲ್ಲಿಸಿದ ಹಳೆಯ ಗಿರಾಕಿ ಹೊಸ ಅಂಗಡಿ ತೆರೆದ, ಅಥವಾ ಅವನ ವ್ಯಾಪಾರಕ್ಕೆ ಇಷ್ಟು ವರ್ಷ ತುಂಬಿತು ಅಂತ ಗೊತ್ತಾಗುತ್ತದೆ. ಅಭಿನಂದನೆ ಹೇಳಬೇಕು, ಹಳೆಯ ವ್ಯವಹಾರದ ಮಾತೂ ಮತ್ತೆ ಶುರುವಾದರೆ ಒಳ್ಳೆಯದು. ಆದರೆ ಕೆಲಸ ಕೇಳಲು ಬಂದ ಹಾಗೆ ಕಾಣಬಾರದು. ಏನು ಹೇಳುವುದು, ಯಾವಾಗ ಹೇಳುವುದು?

ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ನನ್ನಲ್ಲಿಲ್ಲ. ನನ್ನ ಒಬ್ಬ ಗಿರಾಕಿಯ ವಿಷಯದಲ್ಲಿ ನಡೆದದ್ದನ್ನು ಬರೆಯುತ್ತೇನೆ. ಅದಕ್ಕೆ ಮೊದಲು ಅವರ ಕೆಲಸ ಎಂಥದ್ದು ಅಂತ ಸ್ವಲ್ಪ ಹೇಳಬೇಕು. ಗಿರಾಕಿಯ ವರ್ಷ ಹೇಗೆ ಸಾಗುತ್ತದೆ ಎಂದು ತಿಳಿಯದೆ ಅವನಿಗೆ ಯಾವಾಗ ಮಾತನಾಡಿಸಬೇಕು ಎಂದು ತಿಳಿಯುವುದಿಲ್ಲ.

ನಮ್ಮ ಮನೆಯ ಪಾಯಸಕ್ಕೆ ಬೀಳುವ ಸಬ್ಬಕ್ಕಿ ಮರಗೆಣಸಿನದ್ದು. ಇಲ್ಲಿನವರು ಗೆಣಸಿಗೆ ಕುಚ್ಚಿ ಕಿಳಂಗು ಅನ್ನುತ್ತಾರೆ, ಸಬ್ಬಕ್ಕಿಗೆ ಜವ್ವರಿಸಿ. ಸೇಲಂಗೆ ಈ ಕಸುಬು ಬಂದದ್ದು 1943ರಲ್ಲಿ. ಎರಡನೇ ಮಹಾಯುದ್ಧದಿಂದ ಮಲಯಾ, ಸಿಂಗಾಪುರದ ಕಡೆಯ ಸಬ್ಬಕ್ಕಿ ನಿಂತುಹೋಗಿತ್ತು. ಆಗ ಸೇಲಂನ ಮೀನು ವ್ಯಾಪಾರಿ ಮಾಣಿಕ್ಕಂ ಚೆಟ್ಟಿಯಾರ್ ಅವರಿಗೆ ಮಲಯಾದ ಪೆನಾಂಗ್‌ನಿಂದ ಬಂದಿದ್ದ ಪೋಪಟ್‌ಲಾಲ್ ಶಾ ಅವರ ಪರಿಚಯವಾಯಿತು. ಶಾ ಅವರಿಗೆ ಸಬ್ಬಕ್ಕಿ ಮಾಡುವ ವಿದ್ಯೆ ಗೊತ್ತಿತ್ತು, ಚೆಟ್ಟಿಯಾರ್ ಅವರಿಗೆ ವ್ಯಾಪಾರಕ್ಕಾಗಿ ಓಡಾಡಿದ ಕೇರಳದ ಮರಗೆಣಸು ಗೊತ್ತಿತ್ತು. ಇಬ್ಬರೂ ಸೇರಿ ಶುರು ಮಾಡಿದ ಕೆಲಸ ಇವತ್ತು ಸೇಲಂ, ನಾಮಕ್ಕಲ್, ಧರ್ಮಪುರಿ ಜಿಲ್ಲೆಗಳಲ್ಲಿ ಹರಡಿದೆ. 1981ರಲ್ಲಿ ಮಿಲ್ ಮಾಲಕರೇ ಸೇರಿ ಸಾಗೋಸರ್ವ್ ಎಂಬ ಸಹಕಾರಿ ಸಂಘ ಮಾಡಿಕೊಂಡರು. ಸರಕನ್ನು ಅಲ್ಲಿನ ಗೋದಾಮಿಗೆ ತಂದರೆ ಟೆಂಡರ್ ಮೂಲಕ ಮಾರಾಟವಾಗುತ್ತದೆ. ಹೆಚ್ಚಿನದು ಮಹಾರಾಷ್ಟ್ರ, ಗುಜರಾತ್ ಮುಂತಾದ ಕಡೆ ಉಪವಾಸದ ದಿನಗಳ ಅಡುಗೆಗೆ ಹೋಗುತ್ತದೆ.

ಮರಗೆಣಸನ್ನು ಕಿತ್ತ ಮೇಲೆ ಇಟ್ಟುಕೊಳ್ಳಲಿಕ್ಕೆ ಆಗುವುದಿಲ್ಲ. ಒಂದೆರಡು ದಿನದಲ್ಲಿ ಒಳಗೆ ಕಪ್ಪು ಗೆರೆ ಏಳುತ್ತದೆ, ಹಿಟ್ಟಿನ ಬಣ್ಣ ಕೆಡುತ್ತದೆ. ಆದ್ದರಿಂದ ಲಾರಿ ಬಂದ ಹಾಗೆಯೇ ಸಿಪ್ಪೆ ತೆಗೆದು, ತೊಳೆದು, ಅರೆದು, ಸೋಸಿ, ತೊಟ್ಟಿಯಲ್ಲಿ ಹಿಟ್ಟು ಇಳಿಸಬೇಕು. ಮಳೆಗಾಲ ಮುಗಿಯುವ ಹೊತ್ತಿನಿಂದ ಬೇಸಿಗೆ ಶುರುವಾಗುವವರೆಗೆ ಮಿಲ್‌ನವರಿಗೆ ಹಗಲು ರಾತ್ರಿ ಬೇರೆಯಿಲ್ಲ. ಗೆಣಸು ಬರುವುದು ಕಡಿಮೆಯಾದ ಮೇಲೆ ಯಂತ್ರ ನಿಲ್ಲುತ್ತದೆ. ಬೇರಿಂಗ್ ಬಿಚ್ಚುವುದು, ಶಾಫ್ಟ್ ನೋಡುವುದು, ಹೊಸ ಯಂತ್ರಕ್ಕೆ ದುಡ್ಡು ಹಾಕುವ ಯೋಚನೆ ಎಲ್ಲವೂ ಆಗಲೇ. ಸೀಸನ್ ನಡುವೆ ಹೋಗಿ ಹೊಸ ಯಂತ್ರದ ಮಾತು ಎತ್ತಿದರೆ, ಮದುವೆ ಮನೆಯಲ್ಲಿ ಬಡಿಸುತ್ತಿರುವವನನ್ನು ನಿಲ್ಲಿಸಿ ಮುಂದಿನ ವರ್ಷದ ಭತ್ತದ ಬೀಜದ ಬಗ್ಗೆ ಕೇಳಿದ ಹಾಗೆ.

ನಾನು ಹೇಳುವ ಗಿರಾಕಿಯ ಮಿಲ್ ಇರುವುದು ಧರ್ಮಪುರಿ ಜಿಲ್ಲೆಯ ಪಾಪ್ಪಿರೆಡ್ಡಿಪಟ್ಟಿ ಕಡೆ. ಸೇಲಂನಿಂದ ಮಂಜವಾಡಿ ಕಣಿವೆ ದಾಟಿ ಹರೂರಿಗೆ ಹೋಗುವ ದಾರಿ. ಅವರ ಮನೆಮಾತು ಕನ್ನಡ. ಧರ್ಮಪುರಿಯಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ತಲೆಮಾರುಗಳಿಂದ ಅಲ್ಲೇ ಇದ್ದವರು, ಶಾಲೆ ತಮಿಳಿನಲ್ಲಿ, ಮನೆಯೊಳಗೆ ಕನ್ನಡ. ಅವರು ನನ್ನನ್ನು ಇಲ್ಲಿಯ ರೂಢಿಯಂತೆ ಬಾಯ್ ಅನ್ನುತ್ತಾರೆ, ನಾನು ಅಣ್ಣ ಅನ್ನುತ್ತೇನೆ. ಬಂದ ಹೊಸದರಲ್ಲಿ ನನಗೆ ತಮಿಳು ಬರುತ್ತಿರಲಿಲ್ಲ, ಅವರ ಅಮ್ಮ ಕನ್ನಡದಲ್ಲಿ ಊಟಕ್ಕೆ ಕರೆದದ್ದು ನನಗೆ ಆಗ ದೊಡ್ಡ ವಿಷಯ. ನಾಲ್ಕು ವರ್ಷ ಅವರ ಮಿಲ್‌ನ ರಾಸ್ಪರ್ ನೋಡಿಕೊಂಡದ್ದು ನಾವು. ನಮ್ಮ ವರ್ಷದ ಆದಾಯದಲ್ಲಿ ಸುಮಾರು ಕಾಲು ಭಾಗ ಆ ಒಂದು ಮಿಲ್‌ನಿಂದ ಬರುತ್ತಿತ್ತು.

ರಾಸ್ಪರ್ ಅಂದರೆ ಮಿಲ್‌ನ ತುರಿಮಣೆ. ಒಂದು ಉರುಳೆಯ ಸುತ್ತ ಮೊಳೆಯಿಂದ ತೂತು ಹೊಡೆದ ತಗಡನ್ನು ಬಿಗಿಯುತ್ತಾರೆ. ತೂತಿನ ಅಂಚು ಹೊರಕ್ಕೆ ಎದ್ದು ಮುಳ್ಳಿನ ಹಾಗೆ ನಿಂತಿರುತ್ತದೆ. ಉರುಳೆ ಜೋರಾಗಿ ತಿರುಗುವಾಗ ಗೆಣಸು ಅದಕ್ಕೆ ಒತ್ತಿ ತುರಿದು ನುಣ್ಣಗಾಗುತ್ತದೆ. ಹೊಸ ಬಗೆಯ ಉರುಳೆಯಲ್ಲಿ ತಗಡಿನ ಬದಲು ಗರಗಸದ ಹಲ್ಲಿನ ಪಟ್ಟಿಗಳನ್ನು ಸಾಲಾಗಿ ಕೂರಿಸುತ್ತಾರೆ. ಅದು ಹೆಚ್ಚು ದಿನ ಬಾಳುತ್ತದೆ, ಇನ್ನೂ ನುಣ್ಣಗೆ ಅರೆಯುತ್ತದೆ, ಆದರೆ ದುಬಾರಿ. 2020ರಲ್ಲಿ ಅಣ್ಣ ಕೇಳಿದರೆಂದು ಅಂಥ ಉರುಳೆಗೆ ನಾನು ಕೊಟೇಶನ್ ಕೊಟ್ಟಿದ್ದೆ. ಅವರು ಕಾಗದ ಮಡಚಿ ಜೇಬಿಗೆ ಹಾಕಿ, "ಪಾಕ್ಕಲಾಂ ಬಾಯ್" ಅಂದರು. ನೋಡೋಣ ಅಂತ ಅರ್ಥ. ಇಲ್ಲಿ ಇದ್ದವರಿಗೆ ಗೊತ್ತು, ಪಾಕ್ಕಲಾಂ ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಎದುರಿಗಿರುವವರ ಮುಖ ಬಾಡದಂತೆ ಬಾಗಿಲು ಒರಗಿಸುವ ಮಾತು ಅದು.

ಅದೇ ವರ್ಷ ಮರಗೆಣಸಿಗೆ ಹಿಟ್ಟು ತಿಗಣೆ ಬಿತ್ತು. ಇಲ್ಲಿಯವರು ಮಾವು ಪೂಚ್ಚಿ ಅನ್ನುತ್ತಾರೆ. ನಮ್ಮ ದೇಶಕ್ಕೆ ಹೊಸದಾಗಿ ಬಂದ ಕೀಟ, 2020ರಲ್ಲಿ ಮೊದಲು ಕೇರಳದಲ್ಲಿ ಕಂಡು ಈ ಜಿಲ್ಲೆಗಳಿಗೂ ಹರಡಿತು. ಗಿಡದ ತುದಿ ಮುದುಡಿ ಗುಚ್ಛವಾಗಿ, ಗೆಣಸು ತುಂಬಲಿಲ್ಲ. ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಆಫ್ರಿಕಾದ ಬೆನಿನ್‌ನಿಂದ ಈ ತಿಗಣೆಯನ್ನು ಕೊಲ್ಲುವ ಪುಟ್ಟ ಕಣಜ ತರಿಸಿ, 2022ರಲ್ಲಿ ಸೇಲಂ ಜಿಲ್ಲೆಯ ಏತ್ತಾಪುರ್ ಸಂಶೋಧನಾ ಕೇಂದ್ರದಿಂದ ಬಿಡಲು ಶುರು ಮಾಡಿದರು. ನಡುವಿನ ಸೀಸನ್‌ಗಳಲ್ಲಿ ಮಿಲ್‌ಗಳಿಗೆ ಗೆಣಸೇ ಸಾಲಲಿಲ್ಲ. ಹೊಸ ಯಂತ್ರದ ಮಾತು ಯಾರಿಗೂ ಬೇಡವಾಗಿತ್ತು. ಆಮೇಲೆ ಅಣ್ಣ ತಗಡನ್ನೂ ಹತ್ತಿರದ ಊರಿನ ಬೇರೊಬ್ಬರಿಂದ ತೆಗೆದುಕೊಳ್ಳಲು ಶುರು ಮಾಡಿದರು ಅಂತ ತಿಳಿಯಿತು. ದರ ಕಡಿಮೆ, ದೂರ ಕಡಿಮೆ. ಅದರಲ್ಲಿ ತಪ್ಪು ಹುಡುಕುವಂಥದ್ದೇನಿಲ್ಲ. ಜಗಳ ಆಗಲಿಲ್ಲ, ಬಾಕಿ ಉಳಿಯಲಿಲ್ಲ. ಮಾತು ಮಾತ್ರ ನಿಂತಿತು.

2024ರ ಜನವರಿಯಲ್ಲಿ ಸಾಗೋಸರ್ವ್ ಹತ್ತಿರ ಟೀ ಕುಡಿಯುವಾಗ ಬೇರೊಬ್ಬ ಮಿಲ್‌ನವರು ಹೇಳಿದರು, ಅಣ್ಣನ ಮಿಲ್‌ಗೆ ಇದು 25ನೇ ವರ್ಷ ಅಂತೆ. ನಾನು ಕೂಡಲೇ ಫೋನ್ ತೆಗೆಯಲಿಲ್ಲ. ಮೊದಲು ಅವರ ಮಿಲ್‌ನ ಮೇಸ್ತ್ರಿಗೆ ಫೋನ್ ಮಾಡಿ ಕೇಳಿದೆ. ಕಟ್ಟಡಕ್ಕೆ 25 ವರ್ಷವೋ, ಮಿಲ್ ಓಡಿದ್ದಕ್ಕೋ? ಮೇಸ್ತ್ರಿ ಹೇಳಿದ್ದು: 1999ರ ಕೊನೆಗೆ ಮೊದಲ ಗೆಣಸು ಅರೆದದ್ದು, ಈಗ ಓಡುತ್ತಿರುವುದು 25ನೇ ಸೀಸನ್, ಅಣ್ಣ ಲೆಕ್ಕ ಇಡುವುದು ಸೀಸನ್‌ನಲ್ಲಿ. ಇದು ಸಣ್ಣ ವ್ಯತ್ಯಾಸ ಅನಿಸಬಹುದು. ಆದರೆ ಅಭಿನಂದನೆಯಲ್ಲಿ ಗಿರಾಕಿ ಎಣಿಸುವ ಲೆಕ್ಕವನ್ನೇ ಹೇಳಿದರೆ, ಇವನು ಯಾರನ್ನೋ ಕೇಳಿ ತಿಳಿದುಕೊಂಡಿದ್ದಾನೆ ಅಂತ ಅವರಿಗೆ ಗೊತ್ತಾಗುತ್ತದೆ. ಹಿಂದಿನ ವರ್ಷ ಸೇಲಂ ಸಬ್ಬಕ್ಕಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದಾಗ ಬೇರಿಂಗ್ ಮಾರುವವರು, ಮೋಟಾರ್ ಮಾರುವವರು ಎಲ್ಲ ಮಿಲ್‌ಗಳಿಗೂ ಒಂದೇ ಹೂವಿನ ಚಿತ್ರ ಕಳಿಸಿದ್ದರು, ಕೆಳಗೆ ತಮ್ಮ ಅಂಗಡಿಯ ಹೆಸರು, ನಂಬರು. ಎಲ್ಲರಿಗೂ ಸೇರಿದ ಸಂತೋಷಕ್ಕೆ ಎಲ್ಲರಿಗೂ ಒಂದೇ ಚಿತ್ರ. ಅದನ್ನು ನೋಡಿ ಯಾರಿಗೂ ಯಾರ ನೆನಪೂ ಆಗಲಿಲ್ಲ.

ಇನ್ನು ಏನು ಹೇಳಬಾರದು ಅನ್ನುವುದು. ನಾಲ್ಕು ವಿಷಯ ಬಿಟ್ಟೆ. ಹಳೆಯ ಕೊಟೇಶನ್ ಬಿಟ್ಟೆ. ನಮ್ಮ ಹೊಸ ಕೆಲಸಗಳ ಸುದ್ದಿ ಬಿಟ್ಟೆ. "ನಮ್ಮ ತಗಡಿನಿಂದ ನಿಮ್ಮ ಮಿಲ್ ಚೆನ್ನಾಗಿ ಓಡಿತು" ಅಂತ ಅವರ 25 ವರ್ಷದಲ್ಲಿ ನಮ್ಮ ಪಾಲು ಕೇಳುವ ಮಾತನ್ನೂ ಬಿಟ್ಟೆ. ಕೊನೆಯದಾಗಿ, "ಒಮ್ಮೆ ಭೇಟಿ ಮಾಡೋಣ" ಅನ್ನುವುದನ್ನು ಬಿಟ್ಟೆ. ಅದು ಮೇಲ್ನೋಟಕ್ಕೆ ಪ್ರೀತಿಯ ಮಾತು, ಆದರೆ ಸೀಸನ್ ನಡುವೆ ಅವರಿಗೆ ಅದೂ ಒಂದು ಬೇಡಿಕೆ.

ಇದನ್ನು ನಾನು ಕಲಿತದ್ದು ಉಪ್ಪನ ದಿನಸಿ ಅಂಗಡಿಯಲ್ಲಿ. ಗಿರಾಕಿಯ ಮನೆ ಒಕ್ಕಲು ಇದ್ದರೆ ಉಪ್ಪ ಸಕ್ಕರೆ ಪೊಟ್ಟಣ ಹಿಡಿದುಕೊಂಡು ಹೋಗುತ್ತಿದ್ದರು. ಆ ಮನೆಯ ಬಾಕಿ ಎಷ್ಟೇ ಇರಲಿ, ಆ ವಾರ ಲೆಕ್ಕದ ಪುಸ್ತಕದ ಆ ಪುಟ ತೆಗೆಯುತ್ತಿರಲಿಲ್ಲ. ತಮಿಳುನಾಡಿಗೆ ಬಂದ ಮೇಲೆ ಇದರ ಇನ್ನೊಂದು ಮಗ್ಗುಲು ಕಂಡಿತು. ಇಲ್ಲಿ ಮದುವೆ, ಕಿವಿ ಚುಚ್ಚುವ ಸಮಾರಂಭಗಳಲ್ಲಿ ಮೊಯ್ ಅಂತ ಹಣ ಕೊಡುತ್ತಾರೆ. ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು, ಯಾರು ಎಷ್ಟು ಕೊಟ್ಟರು ಅಂತ ಬರೆಯುತ್ತಾರೆ. ಮುಂದೆ ಕೊಟ್ಟವರ ಮನೆಯ ಕಾರ್ಯಕ್ಕೆ ಅಷ್ಟನ್ನೋ ಹೆಚ್ಚನ್ನೋ ತಿರುಗಿ ಕೊಡಬೇಕು. ಅದು ಒಳ್ಳೆಯ ಪದ್ಧತಿಯೇ, ಎಷ್ಟೋ ಬಡವರ ಮದುವೆ ಅದರಿಂದ ನಡೆಯುತ್ತದೆ. ಆದರೆ ಹೀಗೆ ಬರೆದಿಡುವುದು ಅಭ್ಯಾಸವಾದ ಊರಿನಲ್ಲಿ ವ್ಯಾಪಾರಿಯ ಅಭಿನಂದನೆಯ ಜೊತೆ ಒಂದು ಬೇಡಿಕೆ ಬಂದರೆ, ಅದು ಮೊಯ್ ಪುಸ್ತಕಕ್ಕೆ ಹೋಗುತ್ತದೆ. ಗಿರಾಕಿ ಮನಸ್ಸಿನಲ್ಲೇ ಲೆಕ್ಕ ಹಾಕಿ, ಉತ್ತರಿಸುವುದನ್ನೇ ಮುಂದೂಡುತ್ತಾನೆ.

ಹೇಳುವ ವಿಷಯವನ್ನು ಮಾತ್ರ ಅವರ ಮಿಲ್‌ನಿಂದಲೇ ತೆಗೆದುಕೊಂಡೆ. ಅವರಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಓದಲು ಬರುವುದಿಲ್ಲ. ನನಗೆ ತಮಿಳು ಮಾತು ಬಂದರೂ ಬರೆಯುವಾಗ ತಡವರಿಸುತ್ತೇನೆ. ಆದ್ದರಿಂದ ಪೊಂಗಲ್ ಹಿಂದಿನ ದಿನ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ. ಒಂದು ನಿಮಿಷಕ್ಕಿಂತ ಕಡಿಮೆ. ಹೇಳಿದ್ದು ಇಷ್ಟು:

"ಅಣ್ಣಾ, ನಮಸ್ಕಾರ, ಸೇಲಂನಿಂದ ಬಾಯ್ ಮಾತಾಡೋದು. ಮಿಲ್ಲಿಗೆ ಇದು 25ನೇ ಸೀಸನ್ ಅಂತ ಮೇಸ್ತ್ರಿ ಹೇಳಿದ್ರು. ತುಂಬ ಸಂತೋಷ ಆಯ್ತು. ಮಾವು ಪೂಚ್ಚಿ ಬಂದಾಗ ಸುತ್ತಮುತ್ತ ಎಷ್ಟೋ ಮಿಲ್ಲು ಬೀಗ ಹಾಕಿದ್ವು. ನೀವು ಒಂದೇ ಶಿಫ್ಟ್ ಆದ್ರೂ ಓಡಿಸಿ, ಕೆಲಸದವರನ್ನ ಕೈಬಿಡ್ಲಿಲ್ಲ. ಅದು ನಂಗೆ ಚೆನ್ನಾಗಿ ನೆನಪಿದೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಸೀಸನ್ ಟೈಮು, ಇದಕ್ಕೆ ಉತ್ತರ ಹಾಕೋ ತೊಂದರೆ ತಗೋಬೇಡಿ. ಪೊಂಗಲ್ ಶುಭಾಶಯ ಅಣ್ಣಾ."

"ಉತ್ತರ ಬೇಡ" ಅಂದದ್ದು ನಾಟಕವಲ್ಲ. ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡುವುದು ಅಂತಲೇ ಇದ್ದೆ. ಮುಂದಿನ ಮಾತು ಬೇಸಿಗೆಗೆ, ಯಂತ್ರ ನಿಂತ ಮೇಲೆ.

ಬರುವ ಉತ್ತರವನ್ನು ಓದುವುದಕ್ಕೂ ಒಂದು ಅಭ್ಯಾಸ ಬೇಕು. ಕೈಮುಗಿದ ಚಿತ್ರ ಒಂದೇ ಬಂದರೆ, ತಲುಪಿತು, ಸಂತೋಷ, ಅಷ್ಟೇ ಅಂತ ಅರ್ಥ. ಅದರ ಮೇಲೆ ಇನ್ನೊಂದು ಮೆಸೇಜ್ ಕಳಿಸಬಾರದು. "ಮಗನ ಹತ್ತಿರ ಮಾತಾಡಿ" ಅಂತ ನಂಬರ್ ಬಂದರೆ ವ್ಯವಹಾರ ಈಗ ಮಗನ ಕೈಯಲ್ಲಿದೆ, ಅವನ ಪರಿಚಯವನ್ನು ಮೊದಲಿನಿಂದ ಮಾಡಿಕೊಳ್ಳಬೇಕು. ಅವರು ತಮ್ಮ ಕೆಲಸದ ಯಾವುದಾದರೂ ಕಷ್ಟವನ್ನು ತಾವಾಗಿಯೇ ಹೇಳಿದರೆ ಮಾತ್ರ ಬಾಗಿಲು ತೆರೆದಿದೆ.

ಮೂರು ದಿನದ ನಂತರ ರಾತ್ರಿ ಅಣ್ಣನ ವಾಯ್ಸ್ ಮೆಸೇಜ್ ಬಂತು. ಹಿಂದೆ ಮೋಟಾರ್ ಸದ್ದು. ಅಮ್ಮ ನನ್ನ ವಿಚಾರಿಸಿದರು ಅಂತ ಹೇಳಿ, ಕೊನೆಗೆ ಒಂದು ಮಾತು ಸೇರಿಸಿದ್ದರು: "ಈ ಸಲ ಕಿಳಂಗು ಪಾಯಿಂಟು ಕಮ್ಮಿ ಬಾಯ್, ತಿಪ್ಪಿ ಮಾತ್ರ ಜಾಸ್ತಿ ಬೀಳ್ತಿದೆ."

ಪಾಯಿಂಟ್ ಅಂದರೆ ಗೆಣಸಿನಲ್ಲಿರುವ ಹಿಟ್ಟಿನ ಅಳತೆ. ಮಾದರಿ ಗೆಣಸನ್ನು ನೀರಿನಲ್ಲಿ ತೂಗಿ ಕಂಡುಹಿಡಿಯುತ್ತಾರೆ, ರೈತನಿಗೆ ದರ ಕೊಡುವುದು ಅದರ ಮೇಲೆ. ತಿಪ್ಪಿ ಅಂದರೆ ಹಿಟ್ಟು ತೊಳೆದ ಮೇಲೆ ಉಳಿಯುವ ನಾರು, ದನದ ಮೇವಿಗೆ ಹೋಗುತ್ತದೆ. ಹಿಟ್ಟಿನ ದರಕ್ಕೂ ತಿಪ್ಪಿಯ ದರಕ್ಕೂ ಅಜಗಜಾಂತರ. ತಿಪ್ಪಿ ಹೆಚ್ಚು ಬೀಳಲು ಕಾರಣ ಮೂರು ಇರಬಹುದು. ಗೆಣಸಿನಲ್ಲೇ ಹಿಟ್ಟು ಕಡಿಮೆ ಇರಬಹುದು. ಸೋಸುವ ಜರಡಿಯಲ್ಲಿ ಸರಿಯಾಗಿ ತೊಳೆಯದೆ ಹಿಟ್ಟು ತಿಪ್ಪಿಯ ಜೊತೆ ಹೋಗುತ್ತಿರಬಹುದು. ಇಲ್ಲವೇ ರಾಸ್ಪರ್ ಸರಿಯಾಗಿ ಅರೆಯದೆ, ಹಿಟ್ಟು ಗೆಣಸಿನ ನಾರಿನೊಳಗೇ ಉಳಿದಿರಬಹುದು.

ಇಲ್ಲಿ "ನಿಮ್ಮ ತಗಡು ಸವೆದಿರಬೇಕು, ನಾಳೆ ತರುತ್ತೇನೆ" ಅಂದಿದ್ದರೆ ಮೊದಲ ಮೆಸೇಜ್‌ನ ಬೆಲೆಯೂ ಹೋಗುತ್ತಿತ್ತು. ಅಭಿನಂದನೆ ಹೇಳಿದ್ದು ಇದಕ್ಕೇ ಅಂತ ಆಗುತ್ತಿತ್ತು. ಅಲ್ಲದೆ ಕಾರಣ ರಾಸ್ಪರ್ ಅಂತ ನನಗೂ ಗೊತ್ತಿರಲಿಲ್ಲ. ಅವರು ನನ್ನನ್ನು ಕರೆಯದೆ, ಕಾಸು ಖರ್ಚು ಮಾಡದೆ ತಾವೇ ನೋಡಿಕೊಳ್ಳಬಹುದಾದ ಒಂದು ಪರೀಕ್ಷೆ ಇದೆ. ಅದನ್ನು ಹೇಳಿದೆ. ಕೃಷಿ, ಆಹಾರ, ಯಂತ್ರ ಯಾವುದರಲ್ಲಿ ಇದ್ದವರಿಗೂ ಇದರ ಯುಕ್ತಿ ಅರ್ಥವಾಗುತ್ತದೆ, ಆದ್ದರಿಂದ ಇಲ್ಲಿ ಪೂರ್ತಿ ಬರೆಯುತ್ತೇನೆ.

ಜರಡಿಯ ಕೊನೆಯಲ್ಲಿ ಬೀಳುವ ಹಸಿ ತಿಪ್ಪಿ ಒಂದು ಕಿಲೋ ತೆಗೆದುಕೊಳ್ಳಬೇಕು. ಜರಡಿಗೆ ಹಾಕುವ ನೈಲಾನ್ ಬಟ್ಟೆಯ ತುಂಡಿನಲ್ಲಿ ಅದನ್ನು ಕಟ್ಟಿ, ಬಕೆಟ್ ನೀರಿನಲ್ಲಿ ಹಿಂಡಿ ಹಿಂಡಿ ತೊಳೆಯಬೇಕು. ಹಾಲಿನ ಬಣ್ಣದ ನೀರು ಬರುವುದು ನಿಲ್ಲುವವರೆಗೆ. ಆ ನೀರನ್ನು ಹಾಗೆಯೇ ಇಡಬೇಕು, ಇದು ಮೊದಲ ಬಕೆಟ್. ಈಗ ಬಟ್ಟೆಯಲ್ಲಿ ಉಳಿದ ತಿಪ್ಪಿಯನ್ನು ಮನೆಯ ಮಿಕ್ಸಿಗೆ ಹಾಕಿ, ನೀರು ಸೇರಿಸಿ ಮೂರು ನಾಲ್ಕು ನಿಮಿಷ ಅರೆಯಬೇಕು. ಅದನ್ನು ಪುನಃ ಬಟ್ಟೆಯಲ್ಲಿ ಕಟ್ಟಿ ಇನ್ನೊಂದು ಬಕೆಟ್‌ನಲ್ಲಿ ತೊಳೆಯಬೇಕು. ಎರಡು ಬಕೆಟ್‌ಗಳನ್ನೂ ರಾತ್ರಿಯಿಡೀ ಅಲ್ಲಾಡಿಸದೆ ಇಟ್ಟು, ಬೆಳಿಗ್ಗೆ ಮೇಲಿನ ನೀರು ಚೆಲ್ಲಿ ಕೆಳಗೆ ಕೂತ ಬಿಳಿ ಹಿಟ್ಟನ್ನು ತೂಗಬೇಕು.

ಮೊದಲ ಬಕೆಟ್‌ನಲ್ಲಿ ಹಿಟ್ಟು ದಪ್ಪಗಿದ್ದರೆ ಅರೆದದ್ದು ಸರಿ, ತೊಳೆದದ್ದು ಸಾಲದು. ತಪ್ಪು ಜರಡಿಯದ್ದು ಅಥವಾ ನೀರಿನದ್ದು. ಎರಡನೇ ಬಕೆಟ್‌ನಲ್ಲಿ ದಪ್ಪಗಿದ್ದರೆ, ಮಿಕ್ಸಿ ಬಿಡಿಸಿದ್ದನ್ನು ರಾಸ್ಪರ್ ಬಿಡಿಸಿಲ್ಲ ಅಂತ ಅರ್ಥ. ಎರಡರಲ್ಲೂ ತೆಳ್ಳಗಿದ್ದರೆ ಗೆಣಸೇ ಹಾಗೆ, ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಎರಡನೇ ಬಕೆಟ್ ಎಂದೂ ಪೂರ್ತಿ ಖಾಲಿ ಇರುವುದಿಲ್ಲ. ಆದ್ದರಿಂದ ಹೊಸ ತಗಡು ಹಾಕಿದ ದಿನ ಒಮ್ಮೆ ಮಾಡಿ ಬರೆದಿಟ್ಟುಕೊಂಡರೆ, ಹೋಲಿಸಲು ಒಂದು ಅಳತೆ ಸಿಗುತ್ತದೆ. ಒಂದೇ ದಿನದ್ದನ್ನು ನಂಬಬಾರದು, ಗೆಣಸು ಹೊಲದಿಂದ ಹೊಲಕ್ಕೆ ಬದಲಾಗುತ್ತದೆ, ಮೂರು ದಿನ ಮಾಡಬೇಕು.

ಜರಡಿಯ ಬಟ್ಟೆ ನಾವು ಮಾರುವುದಿಲ್ಲ, ಅದು ಪೇಟೆಯಲ್ಲಿ ಸಿಗುತ್ತದೆ. ಮೂರು ಉತ್ತರಗಳಲ್ಲಿ ಎರಡು ಬಂದರೆ ನನಗೆ ಏನೂ ಕೆಲಸವಿಲ್ಲ ಅನ್ನುವುದು ಅಣ್ಣನಿಗೂ ಗೊತ್ತು. ಹಳೆಯ ಗಿರಾಕಿ ಮಾತು ಮುಂದುವರಿಸುವುದು ಇಂಥದ್ದನ್ನು ನೋಡಿ ಅಂತ ನನ್ನ ಅನುಭವ. ಕೊಡುವ ಸಲಹೆ ನಮ್ಮ ವಿರುದ್ಧವೂ ತಿರುಗಬಹುದಾದದ್ದಾಗಿದ್ದರೆ ಮಾತ್ರ ಅದು ಸಲಹೆ ಅನಿಸುತ್ತದೆ, ಇಲ್ಲದಿದ್ದರೆ ಜಾಹೀರಾತು.

ನಾಲ್ಕನೇ ದಿನ ಅಣ್ಣ ಫೋನ್ ಮಾಡಿದರು. ಮೂರು ದಿನವೂ ಎರಡನೇ ಬಕೆಟ್ ದಪ್ಪ. ಅವರೇ ಕೇಳಿದರು, ಈಗ ಏನು ಮಾಡುವುದು? ಆಗಲೂ ಹೊಸ ಉರುಳೆಯ ಮಾತು ನಾನು ಎತ್ತಲಿಲ್ಲ. ಮೊದಲು ಬೆಲ್ಟ್ ನೋಡಿ ಅಂದೆ. ಬೆಲ್ಟ್ ಸಡಿಲವಾದರೆ ಮೋಟಾರ್ ಅಷ್ಟೇ ತಿರುಗಿದರೂ ಉರುಳೆಯ ವೇಗ ಇಳಿಯುತ್ತದೆ, ವೇಗ ಇಳಿದರೆ ಗೆಣಸು ನುಣ್ಣಗಾಗುವುದಿಲ್ಲ. ಮಾರನೇ ದಿನ ಆ ದಾರಿಯಲ್ಲಿ ಬೇರೆ ಕೆಲಸವಿತ್ತು, ವೇಗ ಅಳೆಯುವ ಮೀಟರ್ ಹಿಡಿದು ಅರ್ಧ ಗಂಟೆ ಹೋಗಿಬಂದೆ. ನಿಮಿಷಕ್ಕೆ 1000 ಸುತ್ತು ತಿರುಗಬೇಕಾದ ಉರುಳೆ 860 ತಿರುಗುತ್ತಿತ್ತು. ಬೆಲ್ಟ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಜಾರುತ್ತಿದೆ ಅನ್ನುವುದಕ್ಕೆ ಅದೇ ಗುರುತು. ತಗಡಿನ ಮುಳ್ಳೂ ಒಂದು ಬದಿಯಲ್ಲಿ ಮೊಂಡಾಗಿತ್ತು. ತೊಳೆಯುವಲ್ಲಿ ಮಣ್ಣು ಪೂರ್ತಿ ಹೋಗದಿದ್ದರೆ ಮರಳು ಹಾಗೆ ತಿನ್ನುತ್ತದೆ. ಮೇಸ್ತ್ರಿ ಬೆಲ್ಟ್ ಬಿಗಿದು, ಅವರಲ್ಲೇ ಇದ್ದ ತಗಡು ಹಾಕಿದರು. ನಾನು ಒಂದು ಟೀ ಕುಡಿದು ಬಂದೆ. ಬಿಲ್ ಮಾಡಲಿಲ್ಲ.

ಇದರಲ್ಲಿ ಎಷ್ಟು ದುಡ್ಡಿನ ಪ್ರಶ್ನೆ ಇತ್ತು ಅಂತ ಒಂದು ಲೆಕ್ಕ ನೋಡಿ. ದಿನಕ್ಕೆ 40 ಟನ್ ಗೆಣಸು ಅರೆಯುವ ಮಿಲ್, ಗೆಣಸಿನಲ್ಲಿ ನೂರಕ್ಕೆ 25 ಹಿಟ್ಟು ಅಂದುಕೊಳ್ಳಿ. ಒಟ್ಟು ಹಿಟ್ಟು 10 ಟನ್. ರಾಸ್ಪರ್ ಅದರಲ್ಲಿ ನೂರಕ್ಕೆ 90 ಬಿಡಿಸಿದರೆ ಒಂದು ಟನ್ ತಿಪ್ಪಿಯಲ್ಲಿ ಉಳಿಯಿತು. 85 ಮಾತ್ರ ಬಿಡಿಸಿದರೆ ಒಂದೂವರೆ ಟನ್. ವ್ಯತ್ಯಾಸ ದಿನಕ್ಕೆ 500 ಕಿಲೋ ಹಿಟ್ಟು, ಮೇವಿನ ದರಕ್ಕೆ ಹೋಗುವುದು. ಇದನ್ನು ನಾನು ಅಣ್ಣನಿಗೆ ಹೇಳಲಿಲ್ಲ. ಬಕೆಟ್ ತೂಗಿದವರು ಅವರು, ಈ ಲೆಕ್ಕ ಅವರಿಗೆ ನನಗಿಂತ ಮೊದಲು ಬಂದಿರುತ್ತದೆ.

ಆಮೇಲೆ ಏಪ್ರಿಲ್ ಮುಗಿಯುವವರೆಗೆ ನಾನು ಅವರಿಗೆ ಮೆಸೇಜ್ ಕಳಿಸಲಿಲ್ಲ. ಇಷ್ಟಾದ ಮೇಲೆ ವಾರಕ್ಕೊಮ್ಮೆ "ಹೇಗಿದ್ದೀರಿ ಅಣ್ಣಾ" ಅಂತ ಕಳಿಸುವ ಆಸೆ ಎಲ್ಲರಿಗೂ ಆಗುತ್ತದೆ, ನಮ್ಮಲ್ಲಿ ಇಬ್ಬರು ಹುಡುಗರ ಸಂಬಳದ ಚಿಂತೆಯೂ ಇತ್ತು. ಆದರೆ ಮೂರನೇ "ಹೇಗಿದ್ದೀರಿ"ಗೆ ಗಿರಾಕಿಗೆ ಕಾಣುವುದು ನಮ್ಮ ಅವಸರ ಮಾತ್ರ. ಮೇ ತಿಂಗಳಲ್ಲಿ, ಮಿಲ್ ನಿಂತಿದೆ ಅಂತ ಮೇಸ್ತ್ರಿಯಿಂದ ತಿಳಿದ ಮೇಲೆ, ಒಂದೇ ಪ್ರಶ್ನೆ ಕಳಿಸಿದೆ: "ಅಣ್ಣಾ, ಈ ಸಲ ಉರುಳೆ ಬಿಚ್ಚುವಾಗ ನಾನೂ ಬಂದು ನೋಡಬಹುದಾ? ಬೇರಿಂಗ್ ಹೇಗಿದೆ ಅಂತ ಮೇಸ್ತ್ರಿಗೆ ತಿಳಿಸಿ ಬರ್ತೀನಿ. ಬೇಡ ಅಂದ್ರೂ ಪರವಾಗಿಲ್ಲ." ಸಹಕಾರ, ಒಡಂಬಡಿಕೆ, ಮುಂದಿನ ಯೋಜನೆ ಅಂತ ದೊಡ್ಡ ಮಾತು ಹಾಕಲಿಲ್ಲ. ಬೇಡ ಅನ್ನಲು ಸುಲಭವಾದ ಒಂದು ಸಣ್ಣ ಕೆಲಸ ಕೇಳಿದೆ. ದೊಡ್ಡದನ್ನು ಕೇಳಿದರೆ ಪಾಕ್ಕಲಾಂ ಬರುತ್ತದೆ. ಸಣ್ಣದಕ್ಕೆ ಹೌದು ಅಥವಾ ಇಲ್ಲ ಬರುತ್ತದೆ.

ಉತ್ತರ: "ಸೋಮವಾರ ಬಾ ಬಾಯ್, ಊಟ ಇಲ್ಲೇ."

ಸೋಮವಾರ ಬಿಚ್ಚಿದಾಗ ಒಂದು ಬದಿಯ ಬೇರಿಂಗ್ ಸವೆದು ಶಾಫ್ಟ್ ಸ್ವಲ್ಪ ಆಡುತ್ತಿತ್ತು. ಶಾಫ್ಟ್ ಆಡಿದರೆ ಉರುಳೆ ಒಂದೇ ಬದಿಗೆ ಒತ್ತುತ್ತದೆ, ತಗಡು ಒಂದೇ ಬದಿ ಮೊಂಡಾಗಿದ್ದಕ್ಕೆ ಅದೂ ಕಾರಣ. ಊಟದ ಹೊತ್ತಿಗೆ ಅಣ್ಣ ತಾವಾಗಿಯೇ ಕೇಳಿದರು, "ಆವತ್ತು ಒಂದು ಕಾಗದ ಕೊಟ್ಟಿದ್ಯಲ್ಲಾ, ಅದು ಇನ್ನೂ ಇದ್ಯಾ?" ನಾಲ್ಕು ವರ್ಷದ ಹಿಂದಿನ ದರ ಈಗ ನಡೆಯುವುದಿಲ್ಲ ಅಂತ ಹೇಳಿ, ವಾರದೊಳಗೆ ಹೊಸದು ಬರೆದುಕೊಟ್ಟೆ. ಹಲ್ಲಿನ ಪಟ್ಟಿಯ ಉರುಳೆ ಒಂದು ಕಡೆ, ಹಳೆಯ ಉರುಳೆಯನ್ನೇ ಸರಿಮಾಡುವ ಖರ್ಚು ಇನ್ನೊಂದು ಕಡೆ, ಎರಡೂ ಒಂದೇ ಹಾಳೆಯಲ್ಲಿ.

ಅವರು ಆರಿಸಿದ್ದು ಎರಡನೆಯದನ್ನು. ಹೊಸ ಬೇರಿಂಗ್, ಶಾಫ್ಟ್ ಕೆಲಸ, ಆ ಸೀಸನ್‌ಗೆ ಬೇಕಾದ ತಗಡಿನಲ್ಲಿ ಅರ್ಧ ನಮ್ಮಿಂದ. ಉಳಿದರ್ಧ ಈಗಲೂ ಹತ್ತಿರದ ಊರಿನವರದ್ದು, ನಡುರಾತ್ರಿ ಬೇಕಾದರೆ ಅವರೇ ಮೊದಲು ತಲುಪುವುದು, ಅದು ನ್ಯಾಯವೇ. ಹೊಸ ಉರುಳೆಯ ಹಾಳೆಯನ್ನು ಅಣ್ಣ ಮಡಚಿ ಜೇಬಿಗೆ ಹಾಕಿಕೊಂಡಿದ್ದಾರೆ. ಪಾಕ್ಕಲಾಂ ಅಂದಿದ್ದಾರೆ. ತಿಪ್ಪಿಯ ಎರಡು ಬಕೆಟ್‌ನ ಲೆಕ್ಕವನ್ನು ಮಾತ್ರ ಮೇಸ್ತ್ರಿ ಈಗ ತಿಂಗಳಿಗೊಮ್ಮೆ ಮಿಲ್‌ನ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡುತ್ತಾರೆ, ಅಂಕಿ ಏರಿದರೆ ನನಗೆ ಫೋಟೋ ಕಳಿಸುತ್ತಾರೆ.